ನಿರಭ್ರಾಕಾಶದ ಸಿಡಿಲೆ?

1945ನೆಯ ಇಸವಿ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಜಾರ್ಜಿಯ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರಳೊಬ್ಬಳ ಮುಂದೆ ಕುಳಿತಿದ್ದರು. ತಲೆಯ ಹಿಂಭಾಗದಲ್ಲಿ ಸಹಿಸಲಾರದ ನೋವೆಂದು ನುಡಿದು ಪ್ರಜ್ಞೆ ತಪ್ಪಿದ ಅವರು ಆ ಮಧ್ಯಾಹ್ನವೇ ತೀರಿಕೊಂಡರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೆಂದು ವೈದ್ಯರು ನಿರ್ಣಯಿಸಿದರು. ಅದು ನಿರಭ್ರವಾದ ಆಕಾಶದಿಂದ ಎರಗಿದ ಆಘಾತವೆಂಬ ಹೇಳಿಕೆಯೂ ಆಗ ಹೊರಟಿತು.

ಈ ಹೇಳಿಕೆಯನ್ನು ನಾನು ಒಪ್ಪಲಾರೆ. ಹೃದಯತಜ್ಞ ಹೊವರ್ಡ್ ಬ್ರೂಯೆನ್ನರು 1970ರಲ್ಲಿ ಪ್ರಕಟಿಸಿದ ವಿವರಗಳನ್ನು ನೋಡಿರಿ. 1944ರ ಮಾರ್ಚಿಯಲ್ಲಿ ಅಧ್ಯಕ್ಷರ ರಕ್ತದೊತ್ತಡ 186/108. ಅನಂತರ ಅದು 260/150ನ್ನು ಮುಟ್ಟಿತ್ತು. ಕೊನೆಯ ದಿನ 300ಕ್ಕೂ ಏರಿತ್ತು. 140/90ನ್ನು ಮೀರಿದರೆ ಅಧಿಕವೆಂದು ನಾವು ಇಂದು ಎಣಿಸುತ್ತೇವೆ. ಮೋಡ ಕವಿದು ವರ್ಷವೇ ಕಳೆದಿತ್ತು! ಒತ್ತಡವನ್ನು ಚೆನ್ನಾಗಿ ಇಳಿಸಬಲ್ಲ ಗುಳಿಗೆಗಳು ಆಗ ಇರಲಿಲ್ಲವೆಂಬುದು ನಿಜ. ಇಂದು ಆ ನೆಪವಿಲ್ಲ.

ಇಷ್ಟು ಒತ್ತಡಕ್ಕೆ ಮಿದುಳೇ ಏಕೆ ಬಲಿಯಾಗಬೇಕು? ಮಿದುಳಿನ ಬುಡದಲ್ಲಿರುವ ದೊಡ್ಡ ಧಮನಿಯಿಂದ ಕೂದಲಿನಷ್ಟು ಸಣ್ಣ ಶಾಖೆಗಳು ನೇರವಾಗಿ ಒಡೆದು ಆಳಕ್ಕೆ ಇಳಿಯುತ್ತವೆ. ಬೇರೆಡೆಗಳಲ್ಲಿ ನಾಳವು ಕವಲೊಡೆಯುತ್ತ ಕ್ರಮೇಣ ಕಿರಿದಾಗುವುದರಿಂದ ಒತ್ತಡವೂ ಮೆಲ್ಲನೆ ತಗ್ಗುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ದೊಡ್ಡ ಕೊಳಾಯಿಗೆ ನೇರವಾಗಿ ಜೋಡಿಸಿದ ಸಣ್ಣ ನಳಿಕೆಯಂತೆ ಅವು ಪ್ರತಿಯೊಂದು ಬಡಿತದ ಪೆಟ್ಟನ್ನೂ ತಿನ್ನುತ್ತವೆ. ಮೊದಲು ಗೋಡೆಯ ಸ್ನಾಯು ದಪ್ಪವಾಗಿ ಎದುರಿಸುತ್ತದೆ. ವರ್ಷಗಳು ಕಳೆದಂತೆ ಸ್ನಾಯುಕೋಶಗಳು ಸತ್ತು, ಅವುಗಳ ಸ್ಥಳದಲ್ಲಿ ಗಾಜಿನಂತೆ ಹೊಳೆಯುವ, ಸತ್ತ್ವವಿಲ್ಲದ ವಸ್ತು ತುಂಬಿಕೊಳ್ಳುತ್ತದೆ. ಅನಂತರ ಎರಡರಲ್ಲೊಂದು ಗತಿ: ನಾಳ ಮುಚ್ಚಿಹೋಗಿ ಬಟಾಣಿಯಷ್ಟು ಭಾಗ ಸಾಯುವುದು, ಇಲ್ಲವೆ ಬಿರಿದು ರಕ್ತ ಹರಿಯುವುದು. ಈ ಅವಧಿಯಲ್ಲೆಲ್ಲ ರೋಗಿಗೆ ಯಾವ ನೋವೂ ಇಲ್ಲದಿರಬಹುದು. ಆದುದರಿಂದ “ನನಗೇನೂ ಆಗಿಲ್ಲ” ಎಂಬ ಮಾತಿಗಿಂತ ತೋಳಿಗೆ ಕಟ್ಟುವ ಪಟ್ಟಿಯ ಮಾತನ್ನೇ ನಂಬಬೇಕು.

ಶರೀರದ ಒಂದು ಪಾರ್ಶ್ವವನ್ನು ನಡೆಸುವ ತಂತುಗಳು ಮಿದುಳಿನ ಎದುರು ಭಾಗದ ಇದೇ ಇಕ್ಕಟ್ಟಿನಲ್ಲಿ ಒತ್ತಾಗಿ ಹಾದುಹೋಗುತ್ತವೆ. ಅಲ್ಲಿ ಪೆಟ್ಟಾದರೆ ನಗಲು ಹೇಳಿದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಎತ್ತಿದ ಎರಡು ಕೈಗಳಲ್ಲಿ ಒಂದು ಜಾರುತ್ತದೆ, ಮಾತು ತೊದಲುತ್ತದೆ. ಹಠಾತ್ತನೆ ದೃಷ್ಟಿ ಮಂಕಾಗುವುದು, ತೋಲ ತಪ್ಪುವುದು, ಎಂದೂ ಕಾಣದ ತಲೆನೋವು ಬರುವುದು, ಇವೂ ಸೂಚನೆಗಳೇ. ಹತ್ತು ನಿಮಿಷಗಳಲ್ಲಿ ಎಲ್ಲವೂ ಸರಿಹೋಯಿತೆಂದು ಮನೆಯಲ್ಲಿ ಮಲಗಿಸುವುದು ದೊಡ್ಡ ಪ್ರಮಾದ. ಬೆನ್ನಿಗೇ ಪೂರ್ಣಾಘಾತ ಬರಬಹುದು.

ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ತಿಳಿಯದು, ಸಿ.ಟಿ. ಚಿತ್ರವೇ ಬೇಕು. ಅದಕ್ಕೆ ಮೊದಲು ಆಸ್ಪಿರಿನ್ ನುಂಗಿಸಿದರೆ ರಕ್ತಸ್ರಾವ ಹೆಚ್ಚೀತು. ಮನೆಯಲ್ಲೇ ಗುಳಿಗೆ ಕೊಟ್ಟು ಒತ್ತಡವನ್ನು ಥಟ್ಟನೆ ಇಳಿಸಿದರೆ ಮಿದುಳಿಗೆ ರಕ್ತ ಸಾಲದಾದೀತು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ರೋಗಿ ಕೊನೆಯ ಬಾರಿಗೆ ಎಷ್ಟು ಗಂಟೆಯಲ್ಲಿ ಸರಿಯಾಗಿದ್ದನೆಂದು ವೈದ್ಯರು ಮೊದಲು ಕೇಳುವುದು ಈ ಕಾರಣಕ್ಕೆ. ಜೊತೆಗೆ ಹೋಗುವವರು ಅದನ್ನು ಬರೆದಿಟ್ಟುಕೊಂಡಿರಬೇಕು.