‘ಬರೋದಿಲ್ಲ’ ಅಂತ ಇವತ್ತೇ ಹೇಳಿ

ಒಂದು ಕಂಪನಿಯ ಆಫರ್ ಒಪ್ಪಿಕೊಂಡ ಮೇಲೆ ಇನ್ನೊಂದರಿಂದ ಲೆಟರ್ ಬಂದರೆ ನಮ್ಮ ಹಾಸ್ಟೆಲ್‌ನಲ್ಲಿ ಸಿಗುವ ಸಲಹೆ ಒಂದೇ: ‘ಸುಮ್ಮನಿರು ಮಾರಾಯ, ಜಾಯಿನಿಂಗ್ ದಿನ ಹೋಗದಿದ್ದರೆ ಅವರಿಗೇ ಗೊತ್ತಾಗುತ್ತೆ.’ ಇದನ್ನು ನಾನು ಒಪ್ಪುವುದಿಲ್ಲ. ಒಂದು ಹುದ್ದೆಗೆ ಸಂದರ್ಶನ ಮಾಡುವವರು ಸಾಮಾನ್ಯವಾಗಿ ಎರಡನೆಯ ಹೆಸರನ್ನೂ ಬರೆದಿಟ್ಟುಕೊಂಡಿರುತ್ತಾರೆ. ನಾವು ಬೇಗ ಹೇಳಿದರೆ ಆ ಅಭ್ಯರ್ಥಿ ಇನ್ನೂ ಸಿಗುತ್ತಾರೆ. ಮೂರು ವಾರ ತಡ ಮಾಡಿದರೆ ಅವರು ಬೇರೆಡೆ ಸೇರಿರುತ್ತಾರೆ, ಸಂದರ್ಶನ ಮತ್ತೆ ಮೊದಲಿನಿಂದ. ಎಚ್.ಆರ್.ಗೆ ಸಿಟ್ಟು ಬರುವುದು ಈ ಮೂರು ವಾರಕ್ಕೆ.

ಈಚೆಗೆ ನನಗೇ ಈ ಪ್ರಸಂಗ ಎದುರಾಯಿತು. ಸೋಮವಾರ ಬೆಂಗಳೂರಿನ ಕಂಪನಿಯೊಂದಕ್ಕೆ ಒಪ್ಪಿಗೆ ಕಳಿಸಿದ್ದೆ. ಗುರುವಾರ, ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಲ್ಲಿ ಇನ್ವರ್ಟರ್ ನಿರ್ವಹಣೆ ಮಾಡುವ ಸಣ್ಣ ಕಂಪನಿಯಿಂದ ಲೆಟರ್ ಬಂತು. ನಾನು ಸಿದ್ದರಬೆಟ್ಟದ ಕಡೆಯವನು. ನಮ್ಮದೇ ಜಿಲ್ಲೆಯ ಕೆಲಸವೆಂದು ಆಸೆಯಾಯಿತು. ಆದರೆ ಕೊಟ್ಟ ಮಾತು ಕೊಟ್ಟಾಗಿತ್ತು.

ಅಂದೇ ಮಧ್ಯಾಹ್ನ ಫೋನ್ ಮಾಡಿದೆ. ಬರೀ ಮೇಲ್ ಕಳಿಸಿದ್ದರೆ ಸೋಮವಾರದವರೆಗೆ ತೆರೆಯದೆ ಬಿದ್ದಿರುತ್ತಿತ್ತೇನೋ. ‘ಮೇಡಂ, ಈ ಸೋಮವಾರ ಬೇರೆ ಕಡೆ ಒಪ್ಪಿಕೊಂಡುಬಿಟ್ಟಿದ್ದೇನೆ, ಬರಲಾಗುವುದಿಲ್ಲ’ ಎಂದೆ. ಅವರು, ‘ಸಂಬಳ ಕಾರಣಾನಾ? ಬೇಕಾದ್ರೆ ಮಾತಾಡೋಣ’ ಎಂದರು. ಇಲ್ಲೇ ಹಲವರು ಜಾರುವುದು. ‘ನೋಡ್ತೀನಿ ಮೇಡಂ’ ಎಂದರೆ ಅವರು ಹುದ್ದೆಯನ್ನು ಹಿಡಿದಿಟ್ಟುಕೊಂಡು ಕಾಯುತ್ತಾರೆ. ಸಂಬಳ ಕಾರಣವಲ್ಲ, ನಿರ್ಧಾರ ಆಗಿದೆ ಎಂದೆ. ‘ಸರಿಯಪ್ಪಾ, ಇವತ್ತೇ ಹೇಳಿದ್ದು ಒಳ್ಳೇದಾಯ್ತು. ಇನ್ನೊಬ್ಬ ಹುಡುಗಿಗೆ ನಾಳೆನೇ ಲೆಟರ್ ಕಳಿಸ್ತೀನಿ’ ಎಂದರು.

ನಂತರ ಅವರ ಆಫರ್ ಮೇಲ್‌ಗೇ ಉತ್ತರವಾಗಿ ನಾಲ್ಕು ಸಾಲು ಬರೆದೆ. ಹೊಸ ಮೇಲ್ ಆದರೆ ಯಾವ ಹುದ್ದೆ, ಯಾರು ಎಂದು ಅವರು ಹುಡುಕಬೇಕು. ಹುದ್ದೆಯ ಹೆಸರು, ಬರಲಾಗುವುದಿಲ್ಲ ಎಂಬ ನೇರ ಮಾತು, ಬೇರೆಡೆ ಮೊದಲೇ ಒಪ್ಪಿಕೊಂಡಿರುವ ಕಾರಣ, ಕೊನೆಗೆ ಒಂದು ಸಾಲು: ‘ಸಂದರ್ಶನದಲ್ಲಿ ನೀವು ವಿವರಿಸಿದ ಇನ್ವರ್ಟರ್ ದೋಷ ಪತ್ತೆಯ ಕೆಲಸ ನನಗೆ ಇಷ್ಟ. ಒಂದೆರಡು ವರ್ಷದ ಅನುಭವವಾದ ಮೇಲೆ ಅಂಥ ಹುದ್ದೆಗೆ ಅರ್ಜಿ ಹಾಕಲು ಬಯಸುತ್ತೇನೆ.’ ‘ಮುಂದೆ ಅವಕಾಶವಿದ್ದರೆ ತಿಳಿಸಿ’ ಎಂದು ಎಲ್ಲರೂ ಬರೆಯುತ್ತಾರೆ. ಯಾವ ಕೆಲಸಕ್ಕೆ ಎಂದಿದ್ದರೆ ಮಾತ್ರ ನೆನಪಿಟ್ಟುಕೊಳ್ಳಲು ಏನಾದರೂ ಇರುತ್ತದೆ. ‘ಅಲ್ಲಿ ಸರಿಹೋಗದಿದ್ದರೆ ಬರುತ್ತೇನೆ’ ಎಂದು ಮಾತ್ರ ಬರೆಯಬಾರದು. ಒಪ್ಪಿಕೊಂಡ ಕಂಪನಿಗೂ ಹೀಗೇ ಮಾಡುತ್ತಾನೆ ಎಂದುಕೊಳ್ಳುತ್ತಾರೆ.

ನನ್ನದು ನಾನೇ ಅರ್ಜಿ ಹಾಕಿದ ಕೆಲಸ. ಕ್ಯಾಂಪಸ್‌ಗೆ ಬಂದ ಕಂಪನಿಯಾದರೆ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ಹೇಳಬೇಕು. ಮುಂದಿನ ವರ್ಷ ಅದೇ ಕಂಪನಿಯನ್ನು ಜೂನಿಯರ್‌ಗಳಿಗಾಗಿ ಕರೆಯಬೇಕಾದವರು ಅವರೇ. ಬಾಂಡ್‌ಗೆ ಸಹಿ ಹಾಕಿದ್ದರಂತೂ ಫೋನ್ ಮಾಡುವ ಮುನ್ನ ಅದನ್ನು ಪೂರ್ತಿ ಓದಬೇಕು.

ಅವರ ಪೋರ್ಟಲ್‌ನಲ್ಲಿ ನನ್ನ ಹೆಸರಿನೆದುರು ಇನ್ನೂ Pending ಎಂದೇ ಇತ್ತು. Decline ಒತ್ತಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿದೆ.