ಮನೆವಾರ್ತೆ: ತೊಗಲಿನ ನಿಜವನ್ನು ಅಂಚು ಹೇಳುತ್ತದೆ

ಬಸವನಗುಡಿಯಲ್ಲಿ ನಮ್ಮ ನೆರೆಯವರಾದ ಗೃಹಸ್ಥರೊಬ್ಬರು ಎರಡು ವರ್ಷಗಳ ಹಿಂದೆ, ಕಾಲೇಜಿಗೆ ಹೋಗುವ ಮಗಳಿಗೆಂದು 700 ರೂಪಾಯಿ ಕೊಟ್ಟು ಒಂದು ಕೈಚೀಲವನ್ನು ತಂದರು. “ಮೂಸಿ ನೋಡಿ ಸ್ವಾಮಿ, ಅಪ್ಪಟ ತೊಗಲು” ಎಂದು ಅಂಗಡಿಯವನು ಚೀಲದ ಬಾಯಿ ತೆರೆದು ಅವರ ಮೂಗಿನ ಬಳಿ ಹಿಡಿದನಂತೆ. ವಾಸನೆಯೇನೋ ತೊಗಲಿನದೇ ಆಗಿದ್ದಿತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಚೀಲದ ಮೈ ಹಾವಿನ ಪೊರೆಯಂತೆ ಸುಲಿಯತೊಡಗಿತು. ಗಾಂಧಿಬಜಾರಿನ ಬಳಿ ಪಾದರಕ್ಷೆಗಳನ್ನು ದುರಸ್ತಿ ಮಾಡುವವರೊಬ್ಬರು ಹೊಲಿಗೆಯನ್ನು ಬಿಚ್ಚಿ ತೋರಿಸಿದಾಗ ಗುಟ್ಟು ತಿಳಿಯಿತು. ಮುಚ್ಚಳ ಮಾತ್ರ ತೊಗಲು. ಉಳಿದುದೆಲ್ಲ ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್ಕು. ಅಂತಹ ಲೇಪವು ಗಾಳಿಯ ತೇವದಿಂದ ಕ್ರಮೇಣ ಸಡಿಲವಾಗಿ ಸುಲಿಯುವುದು ಸಹಜವೇ ಆಗಿದೆ.

ವಾಸನೆಯನ್ನೇ ನಂಬಬಾರದೆಂಬುದಕ್ಕೆ ಇದು ಸಾಕಾದ ನಿದರ್ಶನ. ಮುಚ್ಚಿಟ್ಟ ಚೀಲದಲ್ಲಿ ಒಂದು ತುಂಡು ತೊಗಲಿದ್ದರೂ ಅದರ ಕಂಪು ಒಳಗೆಲ್ಲ ಹರಡಿಕೊಳ್ಳುತ್ತದೆ. ಚೂರುಪಾರು ತೊಗಲನ್ನು ಪುಡಿಮಾಡಿ ಅಂಟಿನಿಂದ ಹಾಳೆಯಾಗಿಸಿದ ಸರಕಿಗೂ ತೊಗಲಿನ ವಾಸನೆಯೇ ಇರುತ್ತದೆ. ಆದರೆ ಹೊಸ ಮಳೆಯಂಗಿಯಂತಹ ಘಾಟು ಬಂದರೆ ಮಾತ್ರ ಪ್ಲಾಸ್ಟಿಕ್ಕಿನ ಸಂದೇಹವನ್ನು ಪಡತಕ್ಕದ್ದು. ಮೂಗು ಸಂದೇಹವನ್ನು ಹುಟ್ಟಿಸಬಲ್ಲುದೇ ಹೊರತು ತೀರ್ಪನ್ನು ಕೊಡಲಾರದು.

ತೀರ್ಪು ಕೊಡುವುದು ಅಂಚು. ಇದನ್ನು ಕಲಿಯಲು ಕೊಲ್ಹಾಪುರಿ ಚಪ್ಪಲಿಗಿಂತ ಒಳ್ಳೆಯ ಪಾಠಪುಸ್ತಕವಿಲ್ಲ. ಹೆಸರು ಕೊಲ್ಹಾಪುರದ್ದಾದರೂ ನಮ್ಮ ಅಥಣಿಯ ಕಡೆಯ ಕುಶಲಕರ್ಮಿಗಳೂ ಇದನ್ನು ಮಾಡುತ್ತ ಬಂದಿದ್ದಾರೆ. 2019ರಲ್ಲಿ ಇದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇದರ ಅಟ್ಟೆಯ ಅಂಚನ್ನು ಮುಚ್ಚಿರುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ, ಒಂದಕ್ಕೊಂದು ಹೆಣೆದುಕೊಂಡ ಸಣ್ಣ ನಾರುಗಳು ಮೇಲಿನಿಂದ ಕೆಳಗಿನವರೆಗೆ ಕಾಣುತ್ತವೆ. ಮೇಲ್ಮೈಯ ಕಡೆಗೆ ನಾರು ದಟ್ಟವಾಗಿಯೂ ಒಳಬದಿಯ ಕಡೆಗೆ ಸಡಿಲವಾಗಿಯೂ ಇರುವುದು. ತೊಗಟೆ ಕಾಯಿಗಳಿಂದ ಹದಮಾಡಿದ ತೊಗಲಿನ ಅಂಚು ಕಂದು. ಕ್ರೋಮಿನಿಂದ ಹದಮಾಡಿದ್ದಾದರೆ ಬಣ್ಣವು ಒಳಗಿಳಿಯದ ಕಡೆ ನಸುನೀಲಿ ಬೂದು.

ರೆಕ್ಸಿನ್ನಿನ ಅಂಚಿನಲ್ಲಿ ಎರಡು ಪದರಗಳು ಬೇರೆಬೇರೆಯಾಗಿ ಕಾಣುವುವು: ಮೇಲೆ ನುಣುಪಾದ ಪೊರೆ, ಕೆಳಗೆ ಬಟ್ಟೆಯ ನೇಯ್ಗೆ. ಪುಡಿತೊಗಲಿನ ಅಂಚು ರಟ್ಟಿನಂತೆ ಉದುರುತ್ತದೆ. ಮೂರನೆಯದೊಂದುಂಟು, ದಪ್ಪ ತೊಗಲನ್ನು ಸೀಳಿ, ಕೆಳಪದರದ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು. ಇದರ ಅಂಚಿನಲ್ಲಿ ನಾರಿದೆ, ಆದರೆ ನಾರಿನ ಮೇಲೆ ಪ್ರತ್ಯೇಕವಾದ ಪೊರೆಯೂ ಇದೆ. ಇದನ್ನು ತೊಗಲೆಂದರೆ ಪೂರಾ ಸುಳ್ಳಲ್ಲ. ಆದರೆ ಮೇಲ್ಪದರದ ಬೆಲೆಯನ್ನು ಇದಕ್ಕೆ ಕೊಡತಕ್ಕದ್ದಲ್ಲ.

ಚೀಲಗಳ ಅಂಚಿಗೆ ಬಣ್ಣ ಬಳಿದಿರುವುದೋ ಮಡಿಸಿ ಹೊಲಿದಿರುವುದೋ ವಾಡಿಕೆ. ಅಂತಹ ಸಂದರ್ಭದಲ್ಲಿ ಒಳಜೇಬಿನ ಬಾಯಿ, ಜಿಪ್ಪಿನ ಹಿಂಬದಿ, ಪಟ್ಟಿಯ ತೂತು, ಇವನ್ನು ನೋಡಬೇಕು. ಎಲ್ಲಿಯಾದರೂ ಒಂದು ಕಡೆ ಹಸಿ ಅಂಚು ಸಿಕ್ಕೇ ಸಿಗುತ್ತದೆ. ಮುಚ್ಚಳ, ಮೈ, ಪಟ್ಟಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ನಮ್ಮ ನೆರೆಯವರು ತಪ್ಪಿದ್ದು ಇಲ್ಲಿಯೇ.

ಹೊಲಿಗೆಯು ಕೆಲಸಗಾರಿಕೆಯನ್ನು ಹೇಳುವಷ್ಟು ಸರಕನ್ನು ಹೇಳದು. ಒಳ್ಳೆಯ ಹೊಲಿಗೆ ರೆಕ್ಸಿನ್ನಿಗೂ ಬೀಳಬಹುದು. ಆದರೂ ಸೂಜಿಯ ತೂತನ್ನು ನೋಡಿದರೆ ಲಾಭವುಂಟು. ಲೇಪದ ಬಟ್ಟೆಯಾದರೆ ಎಳೆತ ಬೀಳುವೆಡೆ ತೂತಿನ ಸುತ್ತ ಪೊರೆ ಸೀಳಿ ಬಿಳಿಯ ನೂಲು ಇಣುಕುತ್ತದೆ. ಸಾಂಪ್ರದಾಯಿಕ ಕೊಲ್ಹಾಪುರಿಯನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿಯುತ್ತಾರೆಂಬುದನ್ನೂ ನೆನಪಿಡಬಹುದು.

ಇನ್ನು ಬೆಲೆ. ತೊಗಲನ್ನು ಚದರಡಿಯ ಲೆಕ್ಕದಲ್ಲಿ ಮಾರುತ್ತಾರೆ. ಆ ಚೀಲದ ಅಗಲ 14 ಅಂಗುಲ, ಎತ್ತರ 12, ದಪ್ಪ 4. ಮುಂದು, ಹಿಂದು, ಪಕ್ಕ, ತಳ, ಮುಚ್ಚಳ ಎಲ್ಲ ಸೇರಿ 4 ಚದರಡಿಗೆ ಮೇಲಾಯಿತು; ಕತ್ತರಿಸುವಾಗ ಕಳೆಯುವುದೂ ಕೂಡಿದರೆ 5. ಚದರಡಿಗೆ 100 ರೂಪಾಯಿ ಎಂದಿಟ್ಟುಕೊಂಡರೂ ತೊಗಲಿಗೇ 500 ಆಯಿತು. ಉಳಿದ 200ರಲ್ಲಿ ಅಸ್ತರಿ, ಜಿಪ್ಪು, ಕೂಲಿ, ಅಂಗಡಿಯ ಬಾಡಿಗೆ, ಲಾಭ ಇವೆಲ್ಲ ಹೇಗೆ ಅಡಗಬೇಕು? ಅತಿ ಕಡಿಮೆಯ ಬೆಲೆ ಇಷ್ಟನ್ನು ಹೇಳುತ್ತದೆ. ಹೆಚ್ಚಿನ ಬೆಲೆ ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ.

ಕಡ್ಡಿ ಗೀರಿ ಸುಟ್ಟು ನೋಡುವ, ನೀರು ತೊಟ್ಟಿಕ್ಕಿಸುವ ಪರೀಕ್ಷೆಗಳನ್ನು ನಾವು ಹೇಳುವುದಿಲ್ಲ. ಮೊದಲನೆಯದು ವಸ್ತುವನ್ನು ಕೆಡಿಸುತ್ತದೆ. ಮೆರುಗು ಹಾಕಿದ ನಿಜವಾದ ತೊಗಲೂ ನೀರನ್ನು ಹೀರದಿರುವುದರಿಂದ ಎರಡನೆಯದು ದಾರಿ ತಪ್ಪಿಸುತ್ತದೆ. ತೊಗಲನ್ನು ಮನೆಗೆ ತರಬಾರದೆಂಬ ನೇಮವುಳ್ಳವರಿಗೂ ಅಂಚಿನ ಪರೀಕ್ಷೆಯೇ ಆಧಾರ. ಅವರು ನಾರನ್ನು ಕಂಡರೆ ಬಿಡಬೇಕು, ನೇಯ್ಗೆಯನ್ನು ಕಂಡರೆ ಕೊಳ್ಳಬಹುದು.

ನೆರೆಯವರ ಮಗಳು ಆ ಮುಚ್ಚಳವನ್ನು ಬಿಸಾಡಲಿಲ್ಲ. ದುರಸ್ತಿಯವರು ಅದನ್ನೇ ಕತ್ತರಿಸಿ ಒಂದು ಪುಟ್ಟ ಹಣದ ಚೀಲವನ್ನು ಹೊಲಿದುಕೊಟ್ಟಿದ್ದಾರೆ. ಅದು ಇನ್ನೂ ಸುಲಿದಿಲ್ಲ.