ಹೋಂವರ್ಕ್ ಸರಣಿ: ‘ಓಟ’ ಕ್ರಿಯಾಪದ ಅಲ್ಲ, ಹಾಗಂತ ಮಗುವಿಗೆ ಬೈಬೇಡಿ

ಫ್ರೆಂಡ್ಸ್, ಇವತ್ತಿನ ಪೋಸ್ಟ್ ನಮಗಲ್ಲ, ನಮ್ಮ ಅಪ್ಪ ಅಮ್ಮಂದಿರಿಗೆ. ಮನೇಲಿ ಮೂರು, ನಾಲ್ಕು, ಐದನೇ ಕ್ಲಾಸಿನ ತಮ್ಮನೋ ತಂಗಿಯೋ ಇದ್ದರೆ ಇದನ್ನ ಮನೆಯವರಿಗೆ ತೋರಿಸಿ. ಹೋಂವರ್ಕ್ ಮಾಡಿಸೋ ಕೆಲಸ ನಿಮ್ಮ ತಲೆ ಮೇಲೇ ಬಿದ್ದಿದ್ದರೆ ನೀವೇ ಓದಿಕೊಳ್ಳಿ.

‘ಓಟ ಮುಗಿಯಿತು’ ಅನ್ನೋ ವಾಕ್ಯದಲ್ಲಿ ಕ್ರಿಯಾಪದಕ್ಕೆ ಗೆರೆ ಎಳೆ ಅಂದರೆ ಎಷ್ಟೋ ಮಕ್ಕಳು ‘ಓಟ’ಕ್ಕೆ ಎಳೀತಾರೆ. ಕೆಂಪು ಇಂಕಿನ ತಪ್ಪು ಗುರುತು ಬೀಳುತ್ತೆ. ಮನೇಲಿ ‘ಇಷ್ಟೂ ಗೊತ್ತಾಗಲ್ವಾ?’ ಅಂತಾರೆ. ಆದರೆ ಮಗುವಿಗೆ ಬಾಯಿಪಾಠ ಮಾಡಿಸಿದ್ದು ಏನು? ‘ಕೆಲಸವನ್ನು ಸೂಚಿಸುವ ಪದವೇ ಕ್ರಿಯಾಪದ.’ ಓಡೋದು ಕೆಲಸವೇ ತಾನೆ? ಮಗು ಹೇಳಿಕೊಟ್ಟಂತೆಯೇ ಯೋಚಿಸಿದೆ. ಸಾಲದೇ ಇರೋದು ಆ ವ್ಯಾಖ್ಯೆ.

ನನ್ನ ಅಭಿಪ್ರಾಯ ಇಷ್ಟೇ: ಪದದ ಅರ್ಥ ಕೇಳೋದಕ್ಕಿಂತ, ಆ ಪದ ಹೇಗೆ ಬದಲಾಗುತ್ತೆ ಅಂತ ನೋಡೋದು ಕಲಿಸಿ. ಕನ್ನಡ ಪ್ರತ್ಯಯ ಅಂಟಿಸೋ ಭಾಷೆ. ಯಾವ ಪದಕ್ಕೆ ಏನು ಅಂಟುತ್ತೆ ಅನ್ನೋದು ಮನೇಲಿ ಕನ್ನಡ ಮಾತಾಡೋ ಮಗುವಿಗೆ ಆಗಲೇ ಬರುತ್ತೆ. ಅದನ್ನೇ ಉಪಯೋಗಿಸಿ.

🔸 ನಾಮಪದ: ‘ಅನ್ನು’ ಹಚ್ಚಿ ನೋಡಿ. ಓಟವನ್ನು, ಹುಡುಗಿಯನ್ನು, ಮರವನ್ನು. ಸರಾಗವಾಗಿ ಅಂಟಿತಾ? ನಾಮಪದ. (ಅವನನ್ನು, ಅವಳನ್ನು ಅಂತ ಸರ್ವನಾಮಕ್ಕೂ ಅಂಟುತ್ತೆ. ಹಾಳೆಯಲ್ಲಿ ಸರ್ವನಾಮ ಬೇರೆ ಕೇಳಿದ್ದರೆ ಅದನ್ನ ಪಕ್ಕಕ್ಕಿಡಿ.)

🔸 ಕ್ರಿಯಾಪದ: ‘ನಿನ್ನೆ’, ‘ನಾಳೆ’ ಸೇರಿಸಿ. ನಿನ್ನೆ ಓಡಿದಳು, ನಾಳೆ ಓಡುತ್ತಾಳೆ. ಓಡಿದ್ದು ಯಾರು ಅಂತ ಬದಲಾಯಿಸಿ: ಅಣ್ಣ ಓಡಿದನು, ಅಕ್ಕ ಓಡಿದಳು, ಕರು ಓಡಿತು. ಪದದ ಬಾಲ ಬದಲಾದರೆ ಕ್ರಿಯಾಪದ. ‘ಓಟ’ ಮಾತ್ರ ನಿನ್ನೆಯೂ ಓಟ, ನಾಳೆಯೂ ಓಟ.

🔸 ಗುಣವಾಚಕ: ನಾಮಪದದ ಮುಂದೆ ‘ಎಂಥಾ?’ ಅಂತ ಕೇಳಿ. ಎಂಥಾ ಹೂವು? ಕೆಂಪು ಹೂವು. ಈಗ ಹೂವನ್ನ ಬದಲಾಯಿಸಿ: ಕೆಂಪು ಹೂವುಗಳು, ಕೆಂಪು ಹೂವಿಗೆ. ಹೂವು ಬದಲಾಯ್ತು, ಕೆಂಪು ಹಾಗೇ ಉಳೀತು.

ಈಗ ಒಂದು ವಾಕ್ಯ ತಗೊಳ್ಳೋಣ: ‘ಪುಟ್ಟ ಹುಡುಗಿ ಹಳೆಯ ಹಾಡು ಹಾಡಿದಳು.’

ಮೊದಲು ಕೊನೆಯ ಪದದಿಂದ ಶುರು ಮಾಡಿಸಿ, ಯಾಕಂದರೆ ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ನಾಳೆ ಅಂದರೆ ‘ಹಾಡುತ್ತಾಳೆ’ ಆಗುತ್ತೆ, ಸರಿ, ಕ್ರಿಯಾಪದ. ಅದರ ಹಿಂದಿನ ‘ಹಾಡು’? ಮಗು ಇದನ್ನೂ ಕ್ರಿಯಾಪದ ಅನ್ನಬಹುದು. ‘ಹಾಡನ್ನು ಹಾಡಿದಳು’ ಅಂತ ಹೇಳಿಸಿ. ‘ಅನ್ನು’ ಅಂಟಿತು, ಇಲ್ಲಿ ನಾಮಪದ. ಅದೇ ‘ಒಂದು ಸಲ ಹಾಡು, ಕೇಳೋಣ’ ಅಂದಾಗ ಕ್ರಿಯಾಪದ. ಎಂಥಾ ಹಾಡು? ಹಳೆಯ. ಎಂಥಾ ಹುಡುಗಿ? ಪುಟ್ಟ. ಎರಡೂ ಗುಣವಾಚಕ. ‘ಹುಡುಗಿ’ ನಾಮಪದ.

ಮುಗೀಲಿಲ್ಲ. ‘ಪುಟ್ಟ ಬಂದ, ಪುಟ್ಟನನ್ನು ಕರಿ’ ಅಂದಾಗ? ಅಲ್ಲಿ ಪುಟ್ಟ ಒಬ್ಬ ಹುಡುಗನ ಹೆಸರು, ನಾಮಪದ. ‘ಸಿಹಿ ಹಣ್ಣು’ ಅಂದಾಗ ಸಿಹಿ ಗುಣವಾಚಕ, ‘ಅಜ್ಜಿ ಸಿಹಿಯನ್ನು ಹಂಚಿದರು’ ಅಂದಾಗ ನಾಮಪದ. ಹಾಗಾಗಿ ವಾಕ್ಯ ಬಿಟ್ಟು ಬರೀ ಪದ ತೋರಿಸಿ ‘ಇದು ಯಾವ ಪದ?’ ಅಂತ ಕೇಳಬೇಡಿ. ಉತ್ತರ ವಾಕ್ಯದಲ್ಲಿರುತ್ತೆ.

ಇನ್ನೆರಡು ಕಡೆ ಮನೆಯವರೂ ಎಡವುತ್ತಾರೆ. ಒಂದು, ‘ಅವಳು ನನ್ನ ಅಕ್ಕ’ ಅನ್ನೋ ವಾಕ್ಯ. ಇಂಗ್ಲಿಷ್ ಅಭ್ಯಾಸದಿಂದ ಇದರಲ್ಲೂ ಕ್ರಿಯಾಪದ ಹುಡುಕಿಸ್ತಾರೆ. ಇಲ್ಲಿ ಕಾಣೋ ಕ್ರಿಯಾಪದ ಇಲ್ಲ, ಕನ್ನಡದಲ್ಲಿ ಅದಿಲ್ಲದೆಯೂ ವಾಕ್ಯ ಪೂರ್ತಿಯಾಗುತ್ತೆ. ಎರಡು, ಇಂಗ್ಲಿಷ್ ಪೀರಿಯಡ್‌ನಲ್ಲಿ ಅಡ್ಜೆಕ್ಟಿವ್ ಬೇರೆ, ನೌನ್ ಬೇರೆ. ಆದರೆ ಕನ್ನಡ ವ್ಯಾಕರಣದ ಪುಸ್ತಕಗಳಲ್ಲಿ ಗುಣವಾಚಕವನ್ನ ನಾಮಪದದ ಒಂದು ಬಗೆಯಾಗಿ ಸೇರಿಸಿರೋದು ರೂಢಿ. ಮಗು ‘ಕೆಂಪು ನಾಮಪದ ಅಂತ ಕ್ಲಾಸಲ್ಲಿ ಹೇಳಿದ್ರು’ ಅಂದರೆ ಸುಳ್ಳು ಅನ್ನಬೇಡಿ, ಮೊದಲು ಅದರ ಪಠ್ಯಪುಸ್ತಕ ತೆಗೆದು ನೋಡಿ.

ಕೊನೆಗೆ ಒಂದು ಕೋರಿಕೆ. ತಪ್ಪು ಬರೆದಾಗ ಸರಿ ಉತ್ತರ ಹೇಳೋ ಮೊದಲು ‘ಯಾಕೆ ಹಾಗನ್ನಿಸ್ತು?’ ಅಂತ ಕೇಳಿ. ‘ಓಡೋದು ಕೆಲಸ ಅಲ್ವಾ’ ಅಂದರೆ ಮಗು ಯೋಚಿಸಿದೆ ಅಂತಾಯ್ತು. ಆಗ ‘ಅನ್ನು ಹಚ್ಚಿ ನೋಡು’ ಅಂದರೆ ಸಾಕು, ಉಳಿದದ್ದು ಅದೇ ಕಂಡುಕೊಳ್ಳುತ್ತೆ.

ಸೇವ್ ಮಾಡಿಟ್ಕೊಳ್ಳಿ. ಇವತ್ತು ರಾತ್ರಿ ತಂಗಿಗೆ ‘ಆಟ’ ಮತ್ತು ‘ಆಡು’ ಕೊಟ್ಟು ನೋಡಿ. ‘ಆಡು’ ಅಂದರೆ ಮೇಕೆನೂ ಹೌದು ಅಂತ ಅವಳೇ ಹೇಳಿದರೆ, ಪಾಠ ಅರ್ಥವಾಗಿದೆ 😄

#ಹೋಂವರ್ಕ್‌ಸರಣಿ #ಕನ್ನಡವ್ಯಾಕರಣ #ನಾಮಪದ #ಕ್ರಿಯಾಪದ #ಗುಣವಾಚಕ